ಹನ್ನೊಂದು ಕಮಾನು, ಚಿತ್ರದಲ್ಲಿ ಎಂಟು: ಒಂದು ಕಾರಿಡಾರ್ ರೆಂಡರಿನ ಪ್ರಕರಣ

ಮಂಗಳೂರಿನ ಹಳೆಯ ಶಾಲೆಯೊಂದು ತನ್ನ ಮುರಕಲ್ಲಿನ ಕಟ್ಟಡದ ಪಕ್ಕದಲ್ಲೇ ಹೊಸ ಬ್ಲಾಕ್ ಕಟ್ಟಲು ಹೊರಟಿತ್ತು. ಹಳೆಯ ಕಟ್ಟಡಕ್ಕೆ ಪಶ್ಚಿಮದ ಕಡೆ ಉದ್ದಕ್ಕೂ ಕಮಾನುಗಳ ಕಾರಿಡಾರ್ ಇದೆ. ಹೊಸದಕ್ಕೂ ಅದೇ ಅಳತೆಯ ಕಮಾನು ಬೇಕು ಎಂಬುದು ಆಡಳಿತ ಸಮಿತಿಯ ಆಸೆ. ನಕ್ಷೆ ಪಾಸಾಗಿತ್ತು, ಅಂದಾಜು ಪಟ್ಟಿಯೂ ಆಗಿತ್ತು. ದೇಣಿಗೆ ಕೇಳಲು ಹೋಗುವಾಗ ತೋರಿಸಲು ಒಂದು ಒಳ್ಳೆಯ ಚಿತ್ರ ಮಾತ್ರ ಬಾಕಿ. ಕಾರಿಡಾರಿನ ಒಂದು ತುದಿಯಲ್ಲಿ ನಿಂತು ಇನ್ನೊಂದು ತುದಿಗೆ ನೋಡಿದಂತೆ ರೆಂಡರ್ ಮಾಡಿಕೊಡುವ ಕೆಲಸ ನಮ್ಮ ಆಫೀಸಿಗೆ ಬಂತು.

ಅಳತೆಗಳನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದಿನ ಲೆಕ್ಕವೆಲ್ಲ ಇದರ ಮೇಲೆಯೇ ನಿಂತಿದೆ. ಕಂಬದ ಅಗಲ 60 ಸೆಂಟಿಮೀಟರ್, ಎರಡು ಕಂಬಗಳ ನಡುವಿನ ತೆರೆದ ಜಾಗ 2.4 ಮೀಟರ್. ಅಂದರೆ ಒಂದು ಕಂಬದ ಅಂಚಿನಿಂದ ಮುಂದಿನ ಕಂಬದ ಅದೇ ಅಂಚಿಗೆ ಸರಿಯಾಗಿ 3 ಮೀಟರ್. ಕಮಾನು ಪೂರ್ಣ ಅರ್ಧವೃತ್ತ. ನೆಲದಿಂದ 2.4 ಮೀಟರ್ ಎತ್ತರದಲ್ಲಿ ಬಾಗಲು ಶುರುವಾಗಿ, ನೆತ್ತಿ 3.6 ಮೀಟರಿಗೆ ಮುಟ್ಟುತ್ತದೆ. ಕಾರಿಡಾರಿನ ಒಳಗಲ 2.4 ಮೀಟರ್, ಗೋಡೆಯ ದಪ್ಪ 45 ಸೆಂಟಿಮೀಟರ್. ಒಟ್ಟು ಹನ್ನೊಂದು ಕಮಾನು, 33 ಮೀಟರ್ ಉದ್ದ. ನೆಲಕ್ಕೆ 30 ಸೆಂಟಿಮೀಟರಿನ ಕೆಂಪು ಹೆಂಚಿನ ಹಾಸು.

ಮೊದಲ ಚಿತ್ರವನ್ನು ಆಫೀಸಿನ ಹುಡುಗನೊಬ್ಬ 3D ಸಾಫ್ಟ್‌ವೇರ್ ಆದ ಬ್ಲೆಂಡರ್‌ನಲ್ಲಿ ಮಾಡಿದ. ಅಡ್ಡ ಚಿತ್ರ, 3000 ಪಿಕ್ಸೆಲ್ ಅಗಲ, 20 ಮಿಲಿಮೀಟರ್ ಲೆನ್ಸ್. ಕ್ಯಾಮೆರಾ ಮೊದಲ ಕಂಬದಿಂದ 2 ಮೀಟರ್ ಹಿಂದೆ, ಕಮಾನು ಸಾಲಿನಿಂದ ಒಂದೂವರೆ ಮೀಟರ್ ಒಳಗೆ ನಿಂತಿತ್ತು. ಮಾಡೆಲ್‌ನಲ್ಲಿ ಒಂದು ತಪ್ಪೂ ಇರಲಿಲ್ಲ. ಸಮಿತಿಯ ಮುಂದೆ ಇಟ್ಟಾಗ ಮಾತ್ರ ಒಬ್ಬರಿಗೆ ಅದು ಹಿಡಿಸಲಿಲ್ಲ. ಅದೇ ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಮಾಸ್ಟ್ರು ಅವರು.

“ಎಂತ ಮಾರಾಯ್ರೇ ಇದು? ಡ್ರಾಯಿಂಗಲ್ಲಿ ಎಲ್ಲ ಕಮಾನಿಗೂ ಒಂದೇ ಅಂತರ ಅಂತ ಉಂಟು. ಇಲ್ಲಿ ನೋಡಿದ್ರೆ ಮೊದಲಿನದ್ದು ಗೇಟಿನ ಹಾಗೆ, ಕೊನೆಯದ್ದೆಲ್ಲ ಒಂದಕ್ಕೊಂದು ಅಂಟಿಕೊಂಡ ಹಾಗೆ ಉಂಟು.”

ಹುಡುಗ ಅದನ್ನು ನೋಟ್ ಮಾಡಿಕೊಂಡು ಬಂದು, ಎರಡು ದಿನ ಬಿಟ್ಟು ತಿದ್ದಿದ ಚಿತ್ರ ಕಳಿಸಿದ. ದೂರದ ಕಮಾನುಗಳು ಈಗ ಬಿಡಿಬಿಡಿಯಾಗಿ ಕಾಣುತ್ತಿದ್ದವು. ಮಾಸ್ಟ್ರು ಫೋನ್ ಮಾಡಿದರು. “ಮೊನ್ನೆ ಹನ್ನೊಂದು ಇತ್ತು, ಇವತ್ತು ಎಂಟು ಉಂಟು. ಉಳಿದ ಮೂರು ಎಲ್ಲಿಗೆ ಹೋಯ್ತು?” ಫೈಲ್ ನನ್ನ ಟೇಬಲ್ಲಿಗೆ ಬಂದದ್ದು ಆಗ.

ಎಂಟಾದದ್ದು ಹೇಗೆ ಎಂಬುದಕ್ಕೆ ಫೈಲ್ ತೆರೆಯುವ ಅಗತ್ಯವೇ ಬೀಳಲಿಲ್ಲ, ಚಿತ್ರವೇ ಹೇಳುತ್ತಿತ್ತು. ಇಂಥ ಚಿತ್ರ ಕೈಗೆ ಬಂದಾಗ ನಾನು ಮೊದಲು ಕಮಾನನ್ನು ನೋಡುವುದಿಲ್ಲ, ನೆಲ ನೋಡುತ್ತೇನೆ. ಹಾಸನ್ನು ಸಾಮಾನ್ಯವಾಗಿ ಯಾರೂ ಕೈಯಿಂದ ಸರಿಸಲು ಹೋಗುವುದಿಲ್ಲ, ಹಾಗಾಗಿ ಅದು ನಂಬಿಕಸ್ಥ ಅಳತೆಗೋಲು. ಒಂದು ಕಂಬದ ಬುಡದಿಂದ ಮುಂದಿನ ಕಂಬದ ಬುಡದವರೆಗೆ ಎಷ್ಟು ಹೆಂಚು ಎಂದು ಎಣಿಸಿದೆ. ಮೊದಲ ಮೂರು ಕಮಾನುಗಳಲ್ಲಿ ತಲಾ ಹತ್ತು ಹೆಂಚು, ಪ್ರತಿ ಕಂಬವೂ ಸಂದಿಗೆರೆಯ ಮೇಲೆಯೇ ಶುರು. ನಾಲ್ಕನೆಯದರಲ್ಲಿ ಹನ್ನೆರಡು, ಐದನೆಯದರಲ್ಲಿ ಹದಿನಾಲ್ಕು. ಅದರಾಚೆ ಹೆಂಚು ಕಣ್ಣಿಗೆ ಸಿಗದಷ್ಟು ಸಣ್ಣದಾಗಿ, ಎಣಿಕೆ ತಪ್ಪತೊಡಗಿತು. ದೂರದವು ಕಿಕ್ಕಿರಿದು ಕಾಣುತ್ತವೆ ಎಂಬ ದೂರಿಗೆ ಹುಡುಗ ಕಂಡುಕೊಂಡ ಉಪಾಯ ಇದು: ಒಂದೇ ಕಮಾನನ್ನು ಸಮ ಅಂತರದಲ್ಲಿ ನಕಲಿಸುತ್ತ ಹೋಗುವ `Array` ಅನ್ನು `Apply` ಮಾಡಿ ಕಮಾನುಗಳನ್ನು ಬಿಡಿಸಿ, ನಾಲ್ಕನೆಯದರಿಂದ ಮುಂದೆ ಒಂದೊಂದನ್ನೂ ಹಿಂದಿನದಕ್ಕಿಂತ ಅಗಲಕ್ಕೆ ಎಳೆದಿದ್ದ. ಕೊನೆಯ ಗೋಡೆ ಇದ್ದಲ್ಲೇ ಇರಬೇಕಾದ್ದರಿಂದ ಮೂರು ಕಮಾನು ಕಳಚಿ ಬಿದ್ದವು.

ಹೆಂಚಿನ ಎಣಿಕೆ ಕೈಕೊಟ್ಟ ಮೇಲೆಯೂ ಕೆಲಸ ಮಾಡುವ ಇನ್ನೊಂದು ಪರೀಕ್ಷೆ ಇದೆ. ಈ ಬರಹದ ಹುರುಳು ಅದೇ, ಹಾಗಾಗಿ ಅದನ್ನು ನಿಧಾನವಾಗಿ ಹೇಳುತ್ತೇನೆ.

ಉದ್ದದ ಕಾರಿಡಾರಿನಲ್ಲಿ ಕಂಬಗಳ ಬುಡದ ಗೆರೆ, ಕಮಾನುಗಳ ನೆತ್ತಿಯ ಗೆರೆ, ಚಾವಣಿಯ ಅಂಚು, ಹಾಸಿನ ಉದ್ದಗೆರೆಗಳು ಎಲ್ಲವೂ ದೂರದಲ್ಲಿ ಒಂದೇ ಬಿಂದುವಿಗೆ ಓಡುತ್ತವೆ. ಅದು ವ್ಯಾನಿಶಿಂಗ್ ಪಾಯಿಂಟ್. ಯಾವುದೇ ಎರಡು ಗೆರೆಗಳನ್ನು ಮುಂದುವರಿಸಿದರೆ ಅದು ಸಿಗುತ್ತದೆ. ಆ ಬಿಂದುವಿನಿಂದ ಪ್ರತಿ ಕಂಬದ ಬುಡದ ಮೂಲೆಗೆ ಎಷ್ಟು ಪಿಕ್ಸೆಲ್ ದೂರ ಎಂದು ಅಳೆಯಬೇಕು. ಕಂಬ ಕ್ಯಾಮೆರಾದಿಂದ ಎರಡು ಪಟ್ಟು ದೂರ ಹೋದರೆ ಚಿತ್ರದಲ್ಲಿ ಈ ದೂರ ಅರ್ಧವಾಗುತ್ತದೆ, ಮೂರು ಪಟ್ಟು ಹೋದರೆ ಮೂರನೇ ಒಂದು ಪಾಲಾಗುತ್ತದೆ. ಆದ್ದರಿಂದ ಪಿಕ್ಸೆಲ್ ದೂರಗಳನ್ನು ಹಾಗೆಯೇ ಹೋಲಿಸಿದರೆ ಅಂತರ ಸಮವೋ ಅಲ್ಲವೋ ತಿಳಿಯುವುದಿಲ್ಲ. ಒಂದು ದೊಡ್ಡ ಸಂಖ್ಯೆಯನ್ನು, 10,000 ಅನ್ನೋಣ, ಪ್ರತಿಯೊಂದರಿಂದ ಭಾಗಿಸಿದರೆ ಬರುವ ಉತ್ತರ ಕಂಬದ ನಿಜವಾದ ದೂರಕ್ಕೆ ಅನುಪಾತದಲ್ಲಿರುತ್ತದೆ. ಕಂಬಗಳು ಸಮ ಅಂತರದಲ್ಲಿದ್ದರೆ ಆ ಉತ್ತರಗಳ ನಡುವಿನ ವ್ಯತ್ಯಾಸವೂ ಸಮ ಇರಲೇಬೇಕು.

ತಿದ್ದಿದ ಚಿತ್ರದಲ್ಲಿ ಒಂಬತ್ತು ಕಂಬಗಳ ಅಂಚಿನ ದೂರ ಅಳೆದು ಪೈಥಾನ್‌ಗೆ ಕೊಟ್ಟೆ:

```
x = [1250, 500, 312, 227, 171, 133, 106, 86, 71]
r = [10000/v for v in x]
print([round(b-a, 1) for a, b in zip(r, r[1:])])
```

ಬಂದ ಉತ್ತರ:

```
[12.0, 12.1, 12.0, 14.4, 16.7, 19.2, 21.9, 24.6]
```

ಮೊದಲ ಮೂರು ಹನ್ನೆರಡರಲ್ಲೇ ನಿಂತಿವೆ. ನಾಲ್ಕನೆಯದರಿಂದ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಮೊದಲ ಕಮಾನು 3 ಮೀಟರ್ ಎಂದು ಗೊತ್ತಿರುವುದರಿಂದ 12 ಅಂದರೆ 3 ಮೀಟರ್, ಅಂದರೆ 4ಕ್ಕೆ ಒಂದು ಮೀಟರ್. ಹಾಗಾದರೆ 14.4 ಎಂದರೆ 3.6 ಮೀಟರ್, 16.7 ಎಂದರೆ 4.2 ಮೀಟರ್ ಹತ್ತಿರ. ಕೊನೆಯದ್ದು ಆರು ಮೀಟರ್ ದಾಟಿದಂತೆ ತೋರಿಸಿತು. ಫೈಲ್ ತೆರೆದು ನೋಡಿದಾಗ ಸರಿಯಾಗಿ 6 ಇತ್ತು. ಈ ಸಣ್ಣ ವ್ಯತ್ಯಾಸಕ್ಕೆ ಕಾರಣ ಪಿಕ್ಸೆಲ್ ಅಳತೆಯ ಒರಟುತನ. ಹತ್ತಿರದ ಕಂಬದಲ್ಲಿ ಅರ್ಧ ಪಿಕ್ಸೆಲ್ ಆಚೀಚೆಯಾದರೆ ಏನೂ ಆಗದು. 71 ಪಿಕ್ಸೆಲ್ ದೂರದ ಕಂಬದಲ್ಲಿ ಅದೇ ಅರ್ಧ ಪಿಕ್ಸೆಲ್ ಉತ್ತರವನ್ನು ಒಂದರಷ್ಟು ಅಲ್ಲಾಡಿಸುತ್ತದೆ. ಹಾಗಾಗಿ ದೂರದ ತುದಿಯ ಒಂದೇ ಜೋಡಿಯನ್ನು ನಂಬಿ ಯಾರನ್ನೂ ದೂರಬಾರದು. ಅಲ್ಲಿ ಎರಡು ಮೂರು ಕಮಾನುಗಳನ್ನು ಒಟ್ಟಿಗೆ ಹಿಡಿದು ನೋಡಬೇಕು.

ಈ ಪರೀಕ್ಷೆಯ ಒಳ್ಳೆಯ ಗುಣವೆಂದರೆ ಕ್ಯಾಮೆರಾ ಸ್ವಲ್ಪ ಓರೆಯಾಗಿ ನಿಂತಿದ್ದರೂ ಅದು ಕೆಡುವುದಿಲ್ಲ. ಅಳೆಯುವ ಬಿಂದುಗಳೆಲ್ಲ ಒಂದೇ ನೇರ ಗೆರೆಯ ಮೇಲೆ ಇದ್ದರೆ ಸಾಕು. ಒಂದನ್ನು ಬುಡದಲ್ಲಿ, ಇನ್ನೊಂದನ್ನು ಕಂಬದ ತಲೆಯಲ್ಲಿ ಅಳೆದರೆ ಮಾತ್ರ ಎಡವಟ್ಟು. ಫೋಟೋಗಳಿಗೂ ಇದನ್ನೇ ಬಳಸಬಹುದು, ಆದರೆ ನೇರ ಗೆರೆಯನ್ನು ಬಾಗಿಸುವ ಲೆನ್ಸ್ ಆಗಿರಬಾರದು. ಅಂಚಿನ ಕಂಬ ಹೊರಕ್ಕೆ ಉಬ್ಬಿದಂತೆ ಕಂಡರೆ ಆ ಫೋಟೋ ಈ ಲೆಕ್ಕಕ್ಕೆ ಬರುವುದಿಲ್ಲ.

ಕ್ಯಾಲ್ಕುಲೇಟರ್ ಬೇಡ ಎನ್ನುವವರಿಗೆ ಗೆರೆ ಎಳೆದು ನೋಡುವ ದಾರಿಯೂ ಇದೆ. ಮೊದಲ ಕಂಬದ ಬುಡದ ಮೂಲೆಯಿಂದ ಹೊರಟು, ಎರಡನೆಯ ಕಂಬದ ಎತ್ತರದ ಸರಿ ಮಧ್ಯದಲ್ಲಿ ಹಾದುಹೋಗುವ ಗೆರೆ ಎಳೆಯಿರಿ. ಅಂತರ ಸಮವಾಗಿದ್ದರೆ ಆ ಗೆರೆ ಮೂರನೆಯ ಕಂಬದ ತಲೆಯ ಮೂಲೆಗೇ ಹೋಗಿ ಮುಟ್ಟುತ್ತದೆ. ನೆಲದ ಚೌಕ ಹಾಸಿನಲ್ಲಿ ಮೂಲೆಯಿಂದ ಮೂಲೆಗೆ ಗೆರೆ ಎಳೆದು ಪರೀಕ್ಷಿಸುವುದನ್ನು ಇಟಲಿಯ ಆಲ್ಬರ್ಟಿ 1435ರಲ್ಲೇ ಬರೆದಿಟ್ಟಿದ್ದಾನೆ. ಅವನ ಕಾಲದ ಕೆಲವು ಚಿತ್ರಕಾರರು ಹಾಸಿನ ಪ್ರತಿ ಸಾಲನ್ನೂ ಹಿಂದಿನದರ ಮೂರನೇ ಎರಡು ಪಾಲು ಮಾಡುತ್ತ ಹೋಗುತ್ತಿದ್ದರಂತೆ. ಅದು ತಪ್ಪು ಎಂದು ಅವನು ಸ್ಪಷ್ಟವಾಗಿ ಹೇಳಿದ್ದಾನೆ. ಅವನು ಹೇಳಿದ್ದು ಸರಿ ಎಂಬುದಕ್ಕೆ ನಮ್ಮ ಕಾರಿಡಾರೇ ಸಾಕ್ಷಿ. ಮೊದಲ ಚಿತ್ರದಲ್ಲಿ ಮೊದಲ ಕಮಾನು ಎರಡನೆಯದರ ನಾಲ್ಕು ಪಟ್ಟು ಅಗಲ. ಎರಡನೆಯದು ಮೂರನೆಯದರ 2.2 ಪಟ್ಟು. ಮೂರನೆಯದು ನಾಲ್ಕನೆಯದರ 1.75 ಪಟ್ಟು. ಒಂದೇ ಪ್ರಮಾಣದಲ್ಲಿ ಕಿರಿದಾಗುವುದಿಲ್ಲ. ಹತ್ತಿರದಲ್ಲಿ ಧುಮುಕಿದಂತೆ ಇಳಿದು, ದೂರ ಹೋದಂತೆ ಇಳಿತ ಮಂದವಾಗುತ್ತದೆ. ಕಣ್ಣಳತೆಯಲ್ಲಿ ಕಮಾನು ಜೋಡಿಸಿದವರ ಚಿತ್ರ ಕೆಡುವುದು ಇಲ್ಲಿಯೇ.

ಹುಡುಗ ಮಾಡಿದ ತಿದ್ದುಪಡಿಯನ್ನು ನಾನು ಒಪ್ಪದೆ ಇದ್ದದ್ದು ಬರೀ ಎಣಿಕೆ ತಪ್ಪಿತೆಂದಲ್ಲ. ಕಮಾನಿನ ಎತ್ತರ ಇದ್ದಷ್ಟೇ ಇಟ್ಟು ಅಗಲ ಎಳೆದದ್ದರಿಂದ ಅರ್ಧವೃತ್ತ ಚಪ್ಪಟೆಯಾಯಿತು. ಕೊನೆಯದರ ತೆರೆದ ಅಗಲ 5.4 ಮೀಟರ್, ಏರು ಮಾತ್ರ ಅದೇ 1.2 ಮೀಟರ್. ಇಂಥ ಕಮಾನು ಪಕ್ಕದ ಕಂಬವನ್ನು ತಳ್ಳುವ ಬಲ, ಮೇಲಿನ ಭಾರ ಸಮವಾಗಿ ಹರಡಿದೆ ಎಂದಿಟ್ಟುಕೊಂಡರೆ, ಅಗಲದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ಇಲ್ಲಿ ಅದು ಮೂಲ ಕಮಾನಿನ ಐದು ಪಟ್ಟಾಗುತ್ತದೆ. 60 ಸೆಂಟಿಮೀಟರಿನ ಮುರಕಲ್ಲಿನ ಕಂಬ ಅದನ್ನು ತಡೆಯುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಏಕೆಂದರೆ ಅದು ಚಿತ್ರ ಮಾತ್ರ. ಆದರೆ ದೇಣಿಗೆ ಕೊಟ್ಟವರು ಕಟ್ಟಡವನ್ನು ಹೋಲಿಸಿ ನೋಡುವುದು ಆ ಚಿತ್ರದ ಜೊತೆಗೇ. ಕಟ್ಟಲಾಗದ ಕಟ್ಟಡವನ್ನು ತೋರಿಸಿ ಹಣ ಕೇಳುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಮಾಸ್ಟ್ರ ದೂರನ್ನು ತಳ್ಳಿಹಾಕುವ ಹಾಗೂ ಇರಲಿಲ್ಲ. ಮೊದಲ ಚಿತ್ರ ಲೆಕ್ಕಕ್ಕೆ ಸರಿಯಾಗಿದ್ದರೂ ನೋಡಲು ನಿಜಕ್ಕೂ ಚೆನ್ನಾಗಿರಲಿಲ್ಲ. ಮೊದಲ ಕಮಾನು 750 ಪಿಕ್ಸೆಲ್ ತಿಂದಿತ್ತು, ಅಂದರೆ ಚಿತ್ರದ ಕಾಲು ಭಾಗ. ಎರಡನೆಯದಕ್ಕೆ ಸಿಕ್ಕಿದ್ದು 188. ಹನ್ನೊಂದನೆಯದಕ್ಕೆ ಏಳು ಪಿಕ್ಸೆಲ್ ಕೂಡ ಇಲ್ಲ. ಕಮಾನುಗಳ ಸಾಲು ತೋರಿಸಬೇಕಾದ ಚಿತ್ರ ಒಂದು ಕಮಾನು ಮತ್ತು ಒಂದಿಷ್ಟು ಗೆರೆಗಳನ್ನು ತೋರಿಸುತ್ತಿತ್ತು. ಕಾಯಿಲೆ ಇದ್ದದ್ದು ನಿಜ. ಮದ್ದು ಹಾಕಬೇಕಾದದ್ದು ಕಮಾನಿಗಲ್ಲ, ಕ್ಯಾಮೆರಾಕ್ಕೆ.

ಮಾಸ್ಟ್ರನ್ನು ಹಳೆಯ ಕಟ್ಟಡದ ಕಾರಿಡಾರಿಗೇ ಕರೆದುಕೊಂಡು ಹೋದೆ. ಶಾಲೆ ಬಿಟ್ಟ ಹೊತ್ತು, ಕಾರಿಡಾರ್ ಖಾಲಿ. ಮೊದಲ ಕಂಬದಿಂದ ಎರಡು ಮೀಟರ್ ಹಿಂದೆ ನಿಂತು, ಒಂದು ಕಣ್ಣು ಮುಚ್ಚಿ, ಮಕ್ಕಳ ಅಡಿಪಟ್ಟಿಯನ್ನು ಕೈ ಚಾಚಿ ಅಡ್ಡ ಹಿಡಿಯಲು ಹೇಳಿದೆ. ಸೊನ್ನೆಯನ್ನು ಕಾರಿಡಾರಿನ ಕೊನೆಯ ಬಿಂದುವಿಗೆ ಹೊಂದಿಸಿ, ಕಂಬಗಳ ಅಂಚು ಪಟ್ಟಿಯ ಮೇಲೆ ಎಲ್ಲೆಲ್ಲಿ ಬೀಳುತ್ತದೆ ಎಂದು ಅವರೇ ಓದುತ್ತ ಹೋದರು. ಮೊದಲ ಅಂಚು ಪಟ್ಟಿಯ ಆಚೆಯೇ ಉಳಿಯಿತು. ಮುಂದಿನ ನಾಲ್ಕೈದು ಓದುಗಳನ್ನು ಹಳೆಯ ಲಕೋಟೆಯ ಹಿಂಬದಿಯಲ್ಲಿ ಬರೆದುಕೊಂಡರು. ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಬಂದು ಮೆಟ್ಟಿಲಿನ ಹಾಲ್‌ನೊಳಗೆ ನಿಂತು ಮತ್ತೆ ಓದಿದರು. ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅವರು ಒಂದೊಂದನ್ನೂ ತಲೆಕೆಳಗು ಮಾಡಿ ಭಾಗಿಸಿ ನೋಡಿ ಆಗಿತ್ತು.

“ಇದು ಹರಾತ್ಮಕ ಶ್ರೇಢಿ ಅಲ್ವಾ? ತಿರುಗಿಸಿದ್ರೆ ಸಮಾಂತರ ಶ್ರೇಢಿ ಬರ್ತದೆ. ನಾನು ಇಷ್ಟು ವರ್ಷ ಬೋರ್ಡಲ್ಲಿ ಮಾಡಿಸಿದ್ದು. ಈ ಜಗಲಿಯಲ್ಲೇ ಉಂಟು ಅಂತ ಯಾರಿಗೆ ಗೊತ್ತಿತ್ತು!”

ಹಿಂದೆ ಸರಿದಾಗ ಆದದ್ದು ಏನು ಎಂಬುದಕ್ಕೆ ಒಂದು ಸರಳ ಸೂತ್ರವಿದೆ. ಮೊದಲ ಕಂಬದ ಅಂಚು ನಿಮ್ಮಿಂದ d ದೂರದಲ್ಲಿದ್ದು, ಕಂಬಗಳ ಅಂತರ s ಆಗಿದ್ದರೆ, ಮೊದಲ ಕಮಾನಿನ ಅಗಲ ಎರಡನೆಯದರ (d + 2s) / d ಪಟ್ಟು ಕಾಣುತ್ತದೆ. 2 ಮೀಟರ್ ದೂರದಲ್ಲಿ ನಿಂತರೆ 8ನ್ನು 2ರಿಂದ ಭಾಗಿಸಿ ನಾಲ್ಕು ಪಟ್ಟು. 4 ಮೀಟರ್ ದೂರದಲ್ಲಿ 10ನ್ನು 4ರಿಂದ ಭಾಗಿಸಿ ಎರಡೂವರೆ ಪಟ್ಟು. 6 ಮೀಟರ್‌ಗೆ ಹೋದರೆ ಎರಡೇ ಪಟ್ಟು. ಈ ಸೂತ್ರದಲ್ಲಿ ಲೆನ್ಸ್ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ನಿಂತಲ್ಲೇ ನಿಂತು `Focal Length` ಹೆಚ್ಚಿಸಿದರೆ ಚಿತ್ರದ ನಡುಭಾಗ ದೊಡ್ಡದಾಗುತ್ತದೆ, ಅಂಚು ಕತ್ತರಿಸಿ ಹೋಗುತ್ತದೆ. ಕಮಾನುಗಳ ನಡುವಿನ ಪ್ರಮಾಣ ಒಂದಿಷ್ಟೂ ಬದಲಾಗುವುದಿಲ್ಲ. ಪ್ರಮಾಣವನ್ನು ನಿರ್ಧರಿಸುವುದು ನಿಂತ ಜಾಗ ಒಂದೇ. ಎಲ್ಲಿ ನಿಲ್ಲಬೇಕು ಎಂದು ತೀರ್ಮಾನಿಸಿದ ಮೇಲೆ, ಅಲ್ಲಿಂದ ಎಷ್ಟು ಕಾಣಬೇಕು ಎಂಬುದಕ್ಕೆ ಲೆನ್ಸ್ ಹುಡುಕಬೇಕು. ನಮ್ಮಲ್ಲಿ ಹೆಚ್ಚಿನವರು ಮಾಡುವುದು ಇದಕ್ಕೆ ಉಲ್ಟಾ.

ಎಷ್ಟು ಹಿಂದೆ ಹೋಗಬಹುದು? ಮೆಟ್ಟಿಲಿನ ಹಾಲ್‌ನ ಆಳ ನಾಲ್ಕೂವರೆ ಮೀಟರ್. ಕಂಪ್ಯೂಟರಿನಲ್ಲಿ ಹಿಂದಿನ ಗೋಡೆಯನ್ನು ಮರೆಮಾಡಿ ಆರೇನು, ಹತ್ತು ಮೀಟರ್ ಹಿಂದಕ್ಕೂ ಹೋಗಬಹುದಿತ್ತು. ಆದರೆ ಕಟ್ಟಡ ಮುಗಿದ ಮೇಲೆ ಅಲ್ಲಿ ನಿಂತು ನೋಡಲು ಯಾರಿಗೂ ಆಗದು. ಮನುಷ್ಯ ನಿಲ್ಲಬಹುದಾದ ಜಾಗದಿಂದಲೇ ಚಿತ್ರ ಇರಬೇಕು ಎಂದು ನಾನು ಹಟ ಹಿಡಿದೆ. 4 ಮೀಟರಿಗೆ ನಿಲ್ಲಿಸಿದೆವು. ಕಣ್ಣಿನ ಎತ್ತರ ಒಂದೂವರೆ ಮೀಟರ್.

ಎರಡನೆಯ ಬದಲಾವಣೆ ಚಿತ್ರವನ್ನು ಅಡ್ಡದಿಂದ ಉದ್ದಕ್ಕೆ ತಿರುಗಿಸಿದ್ದು. ಈ ಕಾರಿಡಾರ್ ಅಗಲಕ್ಕಿಂತ ಎತ್ತರ ಹೆಚ್ಚಿರುವಂಥದ್ದು. ಒಳಗಲ 2.4 ಮೀಟರ್, ಚಾವಣಿ 4.2 ಮೀಟರ್. ಅಡ್ಡ ಚಿತ್ರದಲ್ಲಿ ಕಮಾನಿನ ನೆತ್ತಿ ಕಾಣಬೇಕಾದರೆ ಅಗಲದ ಲೆನ್ಸ್ ಬೇಕು, ಅಗಲದ ಲೆನ್ಸ್ ಹಾಕಿದರೆ ಎರಡೂ ಬದಿಯಲ್ಲಿ ಮೂಗಿಗೆ ತಾಗುವಷ್ಟು ಹತ್ತಿರದ ಗೋಡೆ ಬಂದು ತುಂಬುತ್ತದೆ. 2000 ಅಗಲ, 3000 ಎತ್ತರ, 35 ಮಿಲಿಮೀಟರ್ ಲೆನ್ಸ್ ಇಟ್ಟು ಕ್ಯಾಮೆರಾವನ್ನು ಕಾರಿಡಾರಿನ ನಟ್ಟನಡುವೆ ನಿಲ್ಲಿಸಿದೆವು. ಬ್ಲೆಂಡರ್‌ನಲ್ಲಿ `Sensor Fit` ಎಂಬುದು `Auto` ಇದ್ದರೆ ಕ್ಯಾಮೆರಾ ಸೆನ್ಸರಿನ 36 ಮಿಲಿಮೀಟರ್ ಅಳತೆ ಚಿತ್ರದ ಉದ್ದದ ಬದಿಗೆ ಅನ್ವಯವಾಗುತ್ತದೆ, ಉದ್ದ ಚಿತ್ರದಲ್ಲಿ ಅದು ಎತ್ತರ. ಇದು ಗೊತ್ತಿಲ್ಲದೆ ಲೆಕ್ಕ ಹಾಕಿದರೆ ಉತ್ತರ ತಾಳೆಯಾಗುವುದಿಲ್ಲ. ಕ್ಯಾಮೆರಾವನ್ನು ಮೇಲಕ್ಕೆ ಬಾಗಿಸಬಾರದು, ಬಾಗಿಸಿದರೆ ಕಂಬಗಳು ಮೇಲೆ ಹೋದಂತೆ ಒಳಕ್ಕೆ ವಾಲುತ್ತವೆ. ಚಾವಣಿ ಇನ್ನಷ್ಟು ಬೇಕೆಂದರೆ, ಕ್ಯಾಮೆರಾ ಬಾಗಿಸದೆ ಚೌಕಟ್ಟನ್ನಷ್ಟೇ ಮೇಲಕ್ಕೆ ಸರಿಸುವ `Shift Y` ಇದೆ.

ಈಗ ಮೊದಲ ಕಮಾನಿಗೆ 375 ಪಿಕ್ಸೆಲ್, ಎರಡನೆಯದಕ್ಕೆ 150, ಮೂರನೆಯದಕ್ಕೆ 81, ಕೊನೆಯದಕ್ಕೆ ಎಂಟು ಚಿಲ್ಲರೆ. ಕೊನೆಯದರಲ್ಲಿ ಮಹಾ ಬದಲಾವಣೆ ಏನೂ ಆಗಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. 33 ಮೀಟರ್ ಆಚೆಯ ಕಮಾನು ಓರೆನೋಟದಲ್ಲಿ ಇಷ್ಟೇ ಕಾಣುವುದು. ಬದಲಾದದ್ದು ಮೊದಲ ನಾಲ್ಕೈದು ಕಮಾನುಗಳ ನಡುವಿನ ಹೊಂದಾಣಿಕೆ. ಕಣ್ಣಿಗೆ ಲಯ ಸಿಗುವುದು ಅಲ್ಲೇ. ಒಂದರಿಂದ ಎರಡಕ್ಕೆ ನಾಲ್ಕು ಪಟ್ಟು ಧುಮುಕದೆ ಎರಡೂವರೆಗೆ ಇಳಿದಾಗ, ಇವೆಲ್ಲ ಒಂದೇ ಅಳತೆಯವು ಎಂದು ನೋಡುವವರು ತಾವಾಗಿಯೇ ನಂಬುತ್ತಾರೆ.

ಮಾಡೆಲನ್ನು ಹೊಸದಾಗಿಯೇ ಕಟ್ಟಿಸಿದೆ. ಒಂದು ಕಂಬ, ಅದರ ಬಲಕ್ಕೆ ಒಂದು ಕಮಾನು, ಇಷ್ಟು ಒಂದು ಘಟಕ. ಅದರ ಮೇಲೆ `Array`, `Count` 11, ಕೊನೆಗೆ ಒಂದು ಬಿಡಿ ಕಂಬ. ಹನ್ನೊಂದು ಕಮಾನಿಗೆ ಹನ್ನೆರಡು ಕಂಬ ಬೇಕು ಎಂಬುದು ಮರೆತು, ಕೊನೆಯ ಕಮಾನು ಗಾಳಿಯಲ್ಲಿ ನಿಂತ ಮಾಡೆಲ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ. ಇಲ್ಲಿ ಇನ್ನೂ ಒಂದು ಎಚ್ಚರಿಕೆ ಬೇಕು. `Relative Offset` ಎಂಬುದು ಘಟಕದ ಒಟ್ಟು ಉದ್ದವನ್ನು ನೋಡಿ ಅಂತರ ಇಡುತ್ತದೆ. ಘಟಕ ಸರಿಯಾಗಿ 3 ಮೀಟರ್ ಇರುವವರೆಗೆ ತೊಂದರೆ ಇಲ್ಲ. ಆಮೇಲೆ ಯಾರೋ ಕಂಬದ ಬುಡಕ್ಕೆ 4 ಸೆಂಟಿಮೀಟರ್ ಹೊರಚಾಚಿದ ಪಟ್ಟಿ ಸೇರಿಸುತ್ತಾರೆ. ಎಡಬದಿಯಲ್ಲಿ ಆ ಪಟ್ಟಿ ಘಟಕದ ಗಡಿ ದಾಟುತ್ತದೆ. ಅಂತರ ಸದ್ದಿಲ್ಲದೆ 3.04 ಆಗುತ್ತದೆ, ಕಾರಿಡಾರಿನ ಕೊನೆಗೆ ತಲುಪುವಾಗ 44 ಸೆಂಟಿಮೀಟರ್ ಹೆಚ್ಚಾಗಿರುತ್ತದೆ. ನಾನು ಮೇಲೆ ಹೇಳಿದ ಭಾಗಾಕಾರದ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ. ಅಂತರಗಳೆಲ್ಲ ಸಮವಾಗಿಯೇ ಇವೆ, ಸಮವಾಗಿ ತಪ್ಪಾಗಿವೆ. ಇದನ್ನು ಹಿಡಿಯುವುದು ನೆಲದ ಹಾಸು. ಮೊದಲ ಕಂಬ ಸಂದಿಗೆರೆಯ ಮೇಲೆ ಕೂತಿದ್ದು, ನಾಲ್ಕೈದನೆಯ ಕಂಬ ಹೆಂಚಿನ ಹೊಟ್ಟೆಯ ಮೇಲೆ ಬಂದು ಕೂತಿರುತ್ತದೆ. `Constant Offset` ಇಟ್ಟು 3 m ಎಂದು ಟೈಪ್ ಮಾಡಿದರೆ ಈ ತಲೆನೋವೇ ಇಲ್ಲ.

ಬೆಳಕಿನ ವಿಷಯಕ್ಕೆ ಬಂದಾಗ ಕಾರಿಡಾರ್ ಪಶ್ಚಿಮಕ್ಕೆ ತೆರೆದಿರುವುದು ನಮಗೆ ಒಳ್ಳೆಯದೇ ಆಯಿತು. ಮೊದಲ ಚಿತ್ರದಲ್ಲಿ ಸೂರ್ಯ ಎಲ್ಲೋ ಅಂದಾಜಿಗೆ ನಿಂತಿದ್ದ. ಮಾರ್ಚ್ 21ರ ಸೂರ್ಯನನ್ನು ಲೆಕ್ಕ ಹಾಕಿ ಇಟ್ಟೆವು. ಮಂಗಳೂರು ನಮ್ಮ ಗಡಿಯಾರದ ರೇಖಾಂಶಕ್ಕಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮಕ್ಕಿದೆ. ಹಾಗಾಗಿ ಆ ದಿನ ಇಲ್ಲಿ ಸೂರ್ಯ ನೆತ್ತಿಯ ಗೆರೆ ದಾಟುವುದು ಹನ್ನೆರಡಕ್ಕಲ್ಲ, ಸುಮಾರು 12 ಗಂಟೆ 38 ನಿಮಿಷಕ್ಕೆ. ಎರಡು ಗಂಟೆ ಕಳೆದ ಮೇಲೆ, ಅಂದರೆ 2 ಗಂಟೆ 38 ನಿಮಿಷಕ್ಕೆ, ಬಿಸಿಲು ಕಮಾನಿನ ಆಕಾರದಲ್ಲಿ ನೆಲದ ಮೇಲೆ 1.7 ಮೀಟರ್ ಒಳಗೆ ಬಂದು ಮಲಗುತ್ತದೆ. ಇನ್ನೆರಡು ಗಂಟೆ ಬಿಟ್ಟು 4 ಗಂಟೆ 38 ನಿಮಿಷಕ್ಕೆ ಅದು ಎದುರಿನ ಗೋಡೆ ಹತ್ತಿರುತ್ತದೆ. ಕಮಾನಿನ ನೆತ್ತಿಯ ಬೆಳಕು ಗೋಡೆಯ ಮೇಲೆ ಸುಮಾರು 2 ಮೀಟರ್ ಎತ್ತರದಲ್ಲಿ ಬೀಳುತ್ತದೆ. ಇಡೀ ಅರ್ಧವೃತ್ತ ಗೋಡೆಯ ಮೇಲೆ ಮೂಡಿ, ಅದರ ಕೆಳಗೆ ಎಂಬತ್ತು ಸೆಂಟಿಮೀಟರ್ ನೇರ ಭಾಗವೂ ಕಾಣುತ್ತದೆ.

ನಾವು ಈ ಸಂಜೆಯ ಹೊತ್ತನ್ನೇ ಆರಿಸಿಕೊಂಡೆವು. ಚಂದ ಎಂಬುದು ಒಂದು ಕಾರಣ, ಅದಕ್ಕಿಂತ ದೊಡ್ಡ ಕಾರಣ ಎಣಿಕೆ. ಕ್ಯಾಮೆರಾ ನಡುವೆ ನಿಂತು ಉತ್ತರಕ್ಕೆ ನೋಡುತ್ತಿದೆ. ಎಡಕ್ಕೆ ಕಲ್ಲಿನ ಕಮಾನು, ಬಲಕ್ಕೆ ಗೋಡೆಯ ಮೇಲೆ ಬೆಳಕಿನ ಕಮಾನು, ಸ್ವಲ್ಪ ಮುಂದಕ್ಕೆ ಜರುಗಿಕೊಂಡು. ಎಡಬದಿಯ ದೂರದ ಕಂಬಗಳು ಒಂದನ್ನೊಂದು ಮರೆಸಿಕೊಳ್ಳುತ್ತವೆ, ಅವುಗಳ 45 ಸೆಂಟಿಮೀಟರ್ ದಪ್ಪವೇ ನಡುವಿನ ತೆರಪನ್ನು ಮುಚ್ಚಿಬಿಡುತ್ತದೆ. ಬಲಗೋಡೆಯ ಬೆಳಕಿಗೆ ದಪ್ಪವಿಲ್ಲ, ಏನನ್ನೂ ಮರೆಸುವುದಿಲ್ಲ. ಅಲ್ಲಿ ಹನ್ನೊಂದನ್ನೂ ಬೆರಳಿಟ್ಟು ಎಣಿಸಬಹುದು. ಹುಡುಗನಿಗೆ ಬೇಕಾಗಿದ್ದದ್ದೂ ಇದೇ ಆಗಿತ್ತು, ದೂರದ ಕಮಾನು ಬೇರೆ ಬೇರೆಯಾಗಿ ಕಾಣಬೇಕು ಎಂಬುದು.

ಅಂತಿಮ ಚಿತ್ರವನ್ನು ದುಪ್ಪಟ್ಟು ಗಾತ್ರದಲ್ಲಿ, 4000ಕ್ಕೆ 6000 ಪಿಕ್ಸೆಲ್ ಇಟ್ಟು ರೆಂಡರ್ ಮಾಡಿದೆವು. ಇದು ಹಾಸಿನ ಸಲುವಾಗಿ. 3000 ಎತ್ತರದಲ್ಲಿ 35 ಮೀಟರ್ ಆಚೆಯ ಒಂದು ಹೆಂಚಿಗೆ ಸಿಗುವುದು ಒಂದೇ ಪಿಕ್ಸೆಲ್. ಹೆಂಚು ಮತ್ತು ಸಂದಿಗೆರೆ ಎರಡನ್ನೂ ಒಂದು ಪಿಕ್ಸೆಲಿನಲ್ಲಿ ತೋರಿಸಲಾಗದು. ಒಂದೋ ಎಲ್ಲ ಕಲಸಿಹೋಗುತ್ತದೆ, ಇಲ್ಲವೇ ಇಲ್ಲದ ಪಟ್ಟೆಗಳು ಮೂಡುತ್ತವೆ. ದುಪ್ಪಟ್ಟು ಮಾಡಿದರೆ ಎರಡು ಪಿಕ್ಸೆಲ್ ಸಿಗುತ್ತದೆ, ಅಷ್ಟರಲ್ಲಿ ಗೆರೆ ಉಳಿಯುತ್ತದೆ.

ಸಮಿತಿಗೆ ಕಳಿಸುವ ಮೊದಲು ಹೊಸ ಚಿತ್ರದ ಮೇಲೂ ಅದೇ ಅಳತೆ ನಡೆಸಿದೆವು, ಈ ಸಲ ಹುಡುಗನೇ ಅಳೆದ. ಹತ್ತಿರದ ಜೋಡಿಗಳಲ್ಲಿ ವ್ಯತ್ಯಾಸ ಒಂದೇ ಬಂತು, ದೂರದವು ಪಿಕ್ಸೆಲಿನ ಒರಟುತನಕ್ಕೆ ತಕ್ಕಷ್ಟು ಮಾತ್ರ ಅಲುಗಾಡಿದವು. ಹೆಂಚಿನ ಎಣಿಕೆ ಕೊನೆಯವರೆಗೂ ಹತ್ತೇ. ಇದರ ಜೊತೆಗೆ, ಚಿತ್ರದ ಕೆಳಗೆ ಒಂದು ಸಣ್ಣ ಪಟ್ಟಿಯಲ್ಲಿ ಹೊರಗಿನಿಂದ ನೇರವಾಗಿ ನೋಡಿದ ಎಲಿವೇಶನ್ ಹಾಕಿದೆವು. ಹನ್ನೊಂದು ಅರ್ಧವೃತ್ತ, ಒಂದೊಂದರ ಕೆಳಗೂ 3.00 ಎಂಬ ಅಳತೆ. ಕಾರಿಡಾರಿನೊಳಗಿಂದ ನೋಡಿದ ಚಿತ್ರ ಎಷ್ಟೇ ಚೆನ್ನಾಗಿದ್ದರೂ ಅಂತರ ಸಮವಾಗಿದೆ ಎಂಬುದನ್ನು ಬರಿಗಣ್ಣಿಗೆ ಸಾಬೀತು ಮಾಡಲಾರದು. ಅದಕ್ಕೆ ಎಲಿವೇಶನ್ನೇ ಬೇಕು. ಎರಡನ್ನೂ ಒಂದೇ ಹಾಳೆಯಲ್ಲಿ ಕೊಡುವುದು ಒಳ್ಳೆಯದು ಎಂದು ಅಂದಿನಿಂದ ಎಲ್ಲ ಕಾರಿಡಾರ್ ಕೆಲಸಗಳಿಗೂ ಹೇಳುತ್ತ ಬಂದಿದ್ದೇನೆ.

ಸಮಿತಿ ಚಿತ್ರವನ್ನು ಒಪ್ಪಿತು. ಮಾಸ್ಟ್ರು ಒಂದೇ ಬದಲಾವಣೆ ಕೇಳಿದರು: ಎಲಿವೇಶನ್ ಪಟ್ಟಿಯಲ್ಲಿ ಕಮಾನುಗಳಿಗೆ ಒಂದರಿಂದ ಹನ್ನೊಂದರವರೆಗೆ ನಂಬರ್ ಹಾಕಬೇಕು, ದೇಣಿಗೆ ಕೊಡುವವರು ತಮ್ಮ ಕಮಾನು ಯಾವುದೆಂದು ಆರಿಸಿಕೊಳ್ಳಲು ಸುಲಭವಾಗುತ್ತದೆ ಎಂದು. ಅದೇ ಸಂಜೆ ನಂಬರ್ ಹಾಕಿ ಕಳಿಸಿದೆವು.